ಬಟ್ಟೆ ಮನೆಯಲ್ಲೇ ಒಗೆಯಬೇಕಾ, ಲಾಂಡ್ರಿಗೆ ಕೊಡಬೇಕಾ? ದಾವಣಗೆರೆ ಮನೆಗಳ ಲೆಕ್ಕ: ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲೇ ಒಂದು ಮಾತು. ಇಲ್ಲಿ ಬರುವ ಅಂಗಡಿ ದರ, ಪುಡಿ ದರ ಎಲ್ಲ ಲೆಕ್ಕ ತೋರಿಸಲು ಹಿಡಿದ ಅಂಕಿಗಳು. ಪಿ.ಜೆ. ಬಡಾವಣೆಯಲ್ಲಿ ಒಂದು ರೇಟು, ನಿಟುವಳ್ಳಿಯಲ್ಲಿ ಇನ್ನೊಂದು ಇರಬಹುದು. ನಿಮ್ಮ ಚೀಟಿಯಲ್ಲಿರುವ ದರವನ್ನು ಅದೇ ಜಾಗದಲ್ಲಿ ಹಾಕಿಕೊಂಡು ಓದಿ. ಲೆಕ್ಕದ ದಾರಿ ಮಾತ್ರ ಬದಲಾಗುವುದಿಲ್ಲ.

ಲಾಂಡ್ರಿಯವರು ಒಂದೊಂದು ಬಟ್ಟೆಗೆ ರೇಟು ಹೇಳುತ್ತಾರೆ. ಮನೆಯಲ್ಲಿ ಮಷಿನ್ ಒಂದು ಸಲ ಓಡಿದರೆ ಇಷ್ಟು ಅಂತ ಲೆಕ್ಕ. ಎರಡನ್ನೂ ಹೋಲಿಸುವುದು ಹೇಗೆ?

ಕಿಲೋಗೆ ಇಳಿಸಿ. ಬೇರೆ ದಾರಿ ಇಲ್ಲ. ಮಷಿನ್‌ಗೆ ಒಂದು ಸಲ ಹಾಕುವ ಬಟ್ಟೆಯನ್ನು ಇಲ್ಲಿ ಲೋಡ್ ಅನ್ನೋಣ. ಒಂದು ಲೋಡ್‌ಗೆ ಎಷ್ಟು ಖರ್ಚು, ಅದರಲ್ಲಿ ಎಷ್ಟು ಕಿಲೋ ಬಟ್ಟೆ, ಒಂದು ಶರ್ಟ್ ಎಷ್ಟು ತೂಗುತ್ತದೆ, ಈ ಮೂರು ಗೊತ್ತಾದರೆ ಒಂದು ಶರ್ಟಿನ ಮನೆ ರೇಟು ಸಿಗುತ್ತದೆ.

ತೂಕಕ್ಕೆ ದೊಡ್ಡ ತಕ್ಕಡಿ ಬೇಡ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಗಂಡಸರ ಕಾಟನ್ ಶರ್ಟ್ 200ರಿಂದ 250 ಗ್ರಾಂ ಬರುತ್ತದೆ. ಫಾರ್ಮಲ್ ಪ್ಯಾಂಟ್ 400ರ ಆಸುಪಾಸು, ಜೀನ್ಸ್ 600ರಿಂದ 700, ಡಬಲ್ ಬೆಡ್‌ಶೀಟ್ 800 ಗ್ರಾಂ ಸುತ್ತಮುತ್ತ.

ಇನ್ನೊಂದು ವ್ಯತ್ಯಾಸ ಜನರ ಕಣ್ಣಿಗೆ ಬೀಳುವುದೇ ಇಲ್ಲ. ಲಾಂಡ್ರಿಯವರು ಒಂದು ಶರ್ಟಿಗೆ 30 ರೂಪಾಯಿ ಹೇಳಿದರೆ ಅದರಲ್ಲಿ ಒಗೆತ, ಒಣಗಿಸುವುದು, ಇಸ್ತ್ರಿ, ಮಡಿಕೆ ನಾಲ್ಕೂ ಸೇರಿವೆ. ಮನೆಯ ಲೋಡಿನಲ್ಲಿ ಇರುವುದು ಒಗೆತ ಒಂದೇ. ಇಸ್ತ್ರಿಯನ್ನು ಬೇರೆ ತೆಗೆಯದೆ ಹೋಲಿಸಿದರೆ ಲೆಕ್ಕ ಅಲ್ಲೇ ಹಾದಿ ತಪ್ಪುತ್ತದೆ.

ಸರಿ, ಒಂದು ಲೋಡ್‌ಗೆ ನಿಜವಾಗಿ ಎಷ್ಟಾಗುತ್ತದೆ?

ವಿದ್ಯಾನಗರದ ಒಂದು ಮನೆ ಅಂದುಕೊಳ್ಳಿ. ಗಂಡ, ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. 7 ಕಿಲೋದ ಟಾಪ್ ಲೋಡ್ ಫುಲ್ ಆಟೋಮ್ಯಾಟಿಕ್ ಮಷಿನ್ ಇದೆ. ವಾರಕ್ಕೆ ನಾಲ್ಕು ಸಲ, ತಿಂಗಳಿಗೆ 16 ಸಲ ಓಡುತ್ತದೆ.

ಮಷಿನ್‌ಗೆ 18,000 ಕೊಟ್ಟಿದ್ದಾರೆ. ಹತ್ತು ವರ್ಷ ಬಾಳುತ್ತದೆ, ನಡುವೆ ರಿಪೇರಿಗೆ 4,000 ಹೋಗುತ್ತದೆ ಅಂತ ಹಿಡಿಯೋಣ. ಒಟ್ಟು 22,000. ಹತ್ತು ವರ್ಷಕ್ಕೆ 1,920 ಲೋಡ್. ಅಂದರೆ ಮಷಿನ್ ಸವೆತವೇ ಲೋಡ್‌ಗೆ ಹನ್ನೊಂದೂವರೆ ರೂಪಾಯಿ. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಯಾಕಂದರೆ ಆ ದುಡ್ಡು ಎಂದೋ ಕೊಟ್ಟಾಗಿದೆ. ಆದರೆ ಮಷಿನ್ ಕೆಟ್ಟು ಹೊಸದು ತರುವ ದಿನ ಅದು ಎದುರಿಗೆ ಬಂದು ನಿಲ್ಲುತ್ತದೆ.

ಸೋಪಿನ ಪುಡಿ ಲೋಡ್‌ಗೆ 70 ಗ್ರಾಂ. ಮಷಿನ್‌ಗೆಂದೇ ಬರುವ ಪುಡಿ ಕಿಲೋಗೆ 220 ರೂಪಾಯಿ ಅಂತಾದರೆ ಹದಿನೈದೂವರೆ ರೂಪಾಯಿಯಾಯಿತು.

ಕರೆಂಟ್ ಎಷ್ಟು ಅಂದುಕೊಂಡಿದ್ದೀರಿ? ತಣ್ಣೀರಿನಲ್ಲಿ ಒಗೆದರೆ 0.15 ಯೂನಿಟ್ ಸುತ್ತ. ಎಲ್ಲ ಸೇರಿ ಯೂನಿಟ್‌ಗೆ 7 ರೂಪಾಯಿ ಹಿಡಿದರೂ ಒಂದು ರೂಪಾಯಿ ಚಿಲ್ಲರೆ. ನಲ್ಲಿ ನೀರಾದರೆ, ಸಂಪಿನಿಂದ ಮೇಲಿನ ಟ್ಯಾಂಕಿಗೆ ಏರಿಸುವ ಮೋಟಾರ್ ಕರೆಂಟೂ ಸೇರಿ ಇನ್ನೊಂದು ರೂಪಾಯಿ ಇಡಿ.

ಕೂಡಿಸಿದರೆ 29 ರೂಪಾಯಿ. ಲೋಡಿನಲ್ಲಿ 5 ಕಿಲೋ ಬಟ್ಟೆ ಇದ್ದರೆ ಕಿಲೋಗೆ 5 ರೂಪಾಯಿ 80 ಪೈಸೆ. 220 ಗ್ರಾಂ ಶರ್ಟಿಗೆ ಸುಮಾರು ಒಂದೂಕಾಲು ರೂಪಾಯಿ.

7 ಕಿಲೋ ಮಷಿನ್ ಅಂದಮೇಲೆ 5 ಕಿಲೋ ಯಾಕೆ ಹಿಡಿದಿರಿ?

ಬಟ್ಟೆ ನೀರಿನಲ್ಲಿ ತಿರುಗಬೇಕು, ಮೇಲಿದ್ದದ್ದು ಕೆಳಗೆ ಹೋಗಬೇಕು. ಬರೀ ಹಗುರ ಕಾಟನ್ ಬಟ್ಟೆ ಹಾಕಿದರೆ 6 ಕಿಲೋವರೆಗೂ ಹೋಗಬಹುದು. ನಮ್ಮ ಮನೆಗಳಲ್ಲಿ ಜೀನ್ಸ್, ಟವೆಲ್, ನೈಟಿ, ಯೂನಿಫಾರ್ಮ್ ಎಲ್ಲ ಬೆರೆತಿರುತ್ತವೆ. ಡ್ರಮ್ಮಿನ ಮುಕ್ಕಾಲು ಭಾಗಕ್ಕೆ ನಿಲ್ಲಿಸಿದರೆ 5 ಕಿಲೋ ಆಸುಪಾಸು ಬರುತ್ತದೆ.

ತುರುಕಿದ್ದೀರಿ ಅಂತ ಗೊತ್ತಾಗುವುದು ಒಣಗಿದ ಮೇಲೆ. ಕಪ್ಪು ಪ್ಯಾಂಟಿನ ಜೇಬಿನ ಹತ್ತಿರ ಬಿಳಿ ಪುಡಿಯ ಗೆರೆ ಕಾಣುತ್ತದೆ. ಶರ್ಟಿನ ತೋಳುಗಳು ಹಗ್ಗದಂತೆ ಹೊಸೆದುಕೊಂಡಿರುತ್ತವೆ. ಅದನ್ನು ಮತ್ತೆ ಹಾಕಿ ತೆಗೆದರೆ 29 ಅನ್ನುವುದು 58 ಆಯಿತು.

ಅರ್ಧ ಲೋಡ್ ಹಾಕುವುದೂ ದುಬಾರಿಯೇ. ಪುಡಿಯನ್ನು 50 ಗ್ರಾಂಗೆ ಇಳಿಸಬಹುದು, ಆದರೆ ಮಷಿನ್ ಸವೆತ ಅಷ್ಟೇ ಇರುತ್ತದೆ. ಎರಡೂವರೆ ಕಿಲೋಗೆ ಇಪ್ಪತ್ತನಾಲ್ಕೂವರೆ ರೂಪಾಯಿ ಬೀಳುತ್ತದೆ, ಅಂದರೆ ಕಿಲೋಗೆ ಹತ್ತಿರ ಹತ್ತಿರ 10. ಮಗಳ ಯೂನಿಫಾರ್ಮ್ ನಾಳೆಗೆ ಬೇಕು ಅಂತ ಅದೊಂದನ್ನೇ ಮಷಿನ್‌ಗೆ ಹಾಕುವುದಕ್ಕಿಂತ ಬಕೆಟ್‌ನಲ್ಲಿ ಕೈಯಿಂದ ಒಗೆದು, ಮಷಿನ್‌ನಲ್ಲಿ ಹಿಂಡುವುದಕ್ಕೆ ಮಾತ್ರ ಹಾಕಿ.

ಗೃಹಜ್ಯೋತಿ ಇದೆಯಲ್ಲ, ಕರೆಂಟೇ ಫ್ರೀ. ಹಾಗಾದರೆ ಮನೆ ಒಗೆತ ಪುಕ್ಕಟೆ ಅಲ್ವಾ?

ಮೇಲಿನ ಲೆಕ್ಕದಲ್ಲಿ ಕರೆಂಟ್ ಇರುವುದೇ ಒಂದು ರೂಪಾಯಿ. ಅದು ಫ್ರೀ ಆದರೆ 29 ಹೋಗಿ 28 ಆಗುತ್ತದೆ, ಅಷ್ಟೇ. ಬಟ್ಟೆ ಒಗೆತದಲ್ಲಿ ದುಡ್ಡು ಹೋಗುವುದು ಪುಡಿಗೆ ಮತ್ತು ಮಷಿನ್‌ಗೆ.

ಕರೆಂಟಿನ ವಿಷಯ ಬರುವುದು ಇನ್ನೊಂದು ಕಡೆಯಿಂದ. ಗೃಹಜ್ಯೋತಿಯಲ್ಲಿ ನಿಮ್ಮ ಮೀಟರಿಗೆ ಇಷ್ಟು ಯೂನಿಟ್ ಉಚಿತ ಅಂತ ನಿಗದಿ ಇರುತ್ತದೆ. ಅದನ್ನು ದಾಟಿ 200ರ ಒಳಗಿದ್ದರೆ ದಾಟಿದ್ದಕ್ಕಷ್ಟೇ ದುಡ್ಡು. 200 ದಾಟಿದರೆ ಮಾತ್ರ ಆ ತಿಂಗಳು ಬಳಸಿದ ಅಷ್ಟೂ ಯೂನಿಟ್‌ಗೆ ಕಟ್ಟಬೇಕು. ಬೇಸಿಗೆಯಲ್ಲಿ ಫ್ಯಾನು, ಕೂಲರು, ಫ್ರಿಜ್ಜು ಸೇರಿ ನಿಮ್ಮ ಮೀಟರ್ 190ರ ಹತ್ತಿರ ಓಡಾಡುತ್ತಿದ್ದರೆ ಮಷಿನ್ ಬಗ್ಗೆ ಚಿಂತೆ ಬೇಡ. 16 ಲೋಡ್ ಸೇರಿಸಿದರೂ ಎರಡೂವರೆ ಯೂನಿಟ್ ಆಗುವುದಿಲ್ಲ. ಇಸ್ತ್ರಿಪೆಟ್ಟಿಗೆ ಮತ್ತು ಬಟ್ಟೆಗೆಂದು ಕಾಯಿಸುವ ಬಿಸಿನೀರನ್ನು ನೋಡಿಕೊಳ್ಳಿ. ಒಂದು ಬಕೆಟ್ ನೀರನ್ನು ಕಾಯಿಲ್‌ನಲ್ಲಿ 30 ಡಿಗ್ರಿ ಏರಿಸಲು 0.7 ಯೂನಿಟ್ ಬೇಕು. ಅಷ್ಟು ಕರೆಂಟಿನಲ್ಲಿ ತಣ್ಣೀರಿನ ನಾಲ್ಕೈದು ಲೋಡ್ ಮುಗಿಯುತ್ತವೆ.

ಒಗೆಯುವ, ಒಣಗಿಹಾಕುವ ಶ್ರಮಕ್ಕೆ ಬೆಲೆ ಇಲ್ಲವೇ?

ಇದೆ, ಮತ್ತು ಇಡೀ ಲೆಕ್ಕದಲ್ಲಿ ಅದೇ ದೊಡ್ಡದು. ಬಿಳಿ ಮತ್ತು ಬಣ್ಣದ ಬಟ್ಟೆ ಬೇರೆ ಮಾಡಬೇಕು. ಜೇಬು ನೋಡಬೇಕು. ಕಾಲರಿಗೆ ಸೋಪು ಹಚ್ಚಿ ಬ್ರಷ್‌ನಲ್ಲಿ ಉಜ್ಜಬೇಕು. ತಾರಸಿಗೆ ಹೊತ್ತು ತಂತಿಗೆ ಹಾಕಬೇಕು, ಸಂಜೆ ತಂದು ಮಡಿಸಬೇಕು. ಒಂದು ಲೋಡ್‌ಗೆ ಎಲ್ಲ ಸೇರಿ 40 ನಿಮಿಷ ಹಿಡಿಯಿರಿ. ಗಂಟೆಗೆ 60 ರೂಪಾಯಿ ಅಂತ ಕಟ್ಟಿದರೆ 40 ರೂಪಾಯಿ. ಅಲ್ಲಿಗೆ ಲೋಡ್ 69, ಕಿಲೋಗೆ ಹದಿನಾಲ್ಕು, ಶರ್ಟಿಗೆ 3 ರೂಪಾಯಿ.

ಈ 40 ರೂಪಾಯಿ ಯಾವ ಪುಸ್ತಕದಲ್ಲೂ ಬರೆಯುವುದಿಲ್ಲ, ಯಾಕಂದರೆ ಸಾಮಾನ್ಯವಾಗಿ ಮನೆಯ ಒಬ್ಬ ಹೆಣ್ಣುಮಗಳ ತಲೆಗೇ ಅದು ಬಿದ್ದಿರುತ್ತದೆ. "ಮನೇಲಿ ಒಗೆದರೆ ಒಂದೂಕಾಲು ರೂಪಾಯಿ" ಅಂತ ಹೇಳುವವರು ತಾರಸಿ ಹತ್ತುವವರಾ ಅಂತ ಒಮ್ಮೆ ಕೇಳಿ ನೋಡಿ.

ಶ್ರಮ ಹಿಡಿದರೂ ಒಗೆತದಲ್ಲಿ ಮನೆಯೇ ಅಗ್ಗ. ಲಾಂಡ್ರಿಯ 30ರಲ್ಲಿ ಇಸ್ತ್ರಿಗೆ 8 ಕಳೆದರೆ ಒಗೆತಕ್ಕೆ 22 ಉಳಿಯಿತು. ಮನೆಯಲ್ಲಿ ಅದೇ ಕೆಲಸಕ್ಕೆ 3.

ಇಸ್ತ್ರಿಯನ್ನು ಮನೆಯಲ್ಲೇ ಮಾಡಿಕೊಂಡರೆ?

ಇಲ್ಲಿ ಅಂತರ ಅಷ್ಟು ದೊಡ್ಡದಲ್ಲ. 1000 ವ್ಯಾಟ್ ಇಸ್ತ್ರಿಪೆಟ್ಟಿಗೆ ಕಾದ ಮೇಲೆ ಆಫ್ ಆಗಿ, ಮತ್ತೆ ಆನ್ ಆಗಿ ನಡೆಯುತ್ತದೆ. ಗಂಟೆಗೆ 0.6 ಯೂನಿಟ್ ಅಂತ ಹಿಡಿದರೆ ನಾಲ್ಕು ರೂಪಾಯಿ. ಆ ಗಂಟೆಯಲ್ಲಿ ಹನ್ನೆರಡು ಶರ್ಟ್ ಆಗುತ್ತವೆ ಅಂದುಕೊಳ್ಳಿ, ಶರ್ಟಿಗೆ ಕರೆಂಟ್ 35 ಪೈಸೆ. ಶ್ರಮ ಸೇರಿಸಿದರೆ ಐದೂಕಾಲು ರೂಪಾಯಿ ದಾಟುತ್ತದೆ. ಬೀದಿಯ ಇಸ್ತ್ರಿ ಅಂಗಡಿಯಲ್ಲಿ 8. ಅವರ ಭಾರದ ಪೆಟ್ಟಿಗೆಯಲ್ಲಿ ಕಾಲರ್ ಮತ್ತು ಪ್ಯಾಂಟಿನ ಗೆರೆ ಕೂರುವ ಹಾಗೆ ಮನೆಯ ಹಗುರ ಪೆಟ್ಟಿಗೆಯಲ್ಲಿ ಕೂರುವುದಿಲ್ಲ.

ಹಾಗಾಗಿ ನನ್ನ ತೀರ್ಮಾನ ಇದು: ಒಗೆತ ಮನೆಯಲ್ಲಿ, ಇಸ್ತ್ರಿ ಹೊರಗೆ. ಆಫೀಸಿಗೆ ಹಾಕುವ ಬಟ್ಟೆ, ಯೂನಿಫಾರ್ಮ್ ಮಾತ್ರ ಕೊಡಿ. ಟೀ ಶರ್ಟ್, ನೈಟಿ, ದಿಂಬಿನ ಚೀಲಕ್ಕೆಲ್ಲ ಇಸ್ತ್ರಿ ಸುಮ್ನೆ ಖರ್ಚು. ಒದ್ದೆ ಇರುವಾಗಲೇ ಜೋರಾಗಿ ಒದರಿ, ತೋಳು, ಅಂಚು ಎಳೆದು ತಂತಿಗೆ ಹಾಕಿದರೆ ಅರ್ಧ ಸುಕ್ಕು ಅಲ್ಲೇ ಹೋಗುತ್ತದೆ.

ತಿಂಗಳ ಲೆಕ್ಕದಲ್ಲಿ ಈ ವಿದ್ಯಾನಗರದ ಮನೆಗೆ ಎಷ್ಟು ಬೀಳುತ್ತದೆ?

16 ಲೋಡ್‌ಗೆ 464 ರೂಪಾಯಿ. ನೂರು ಬಟ್ಟೆ ಇಸ್ತ್ರಿಗೆ ಕೊಟ್ಟರೆ 800. ಒಟ್ಟು 1,264. ಮನೆಯವರ ಶ್ರಮಕ್ಕೆ 640 ಸೇರಿಸಿದರೆ 1,904. ಅದೇ 80 ಕಿಲೋ ಬಟ್ಟೆಯನ್ನು ಕಿಲೋಗೆ 70ರಂತೆ ಒಗೆಸಿ ಮಡಿಸಿ ತಂದರೆ 5,600, ಇಸ್ತ್ರಿ ಬೇರೆ.

ಇಲ್ಲೊಂದು ಗಮನಿಸಿ. ಮನೆ ಖರ್ಚಿನಲ್ಲಿ ಒಗೆತಕ್ಕಿಂತ ಇಸ್ತ್ರಿಯೇ ಜಾಸ್ತಿ. ತಿಂಗಳ ಖರ್ಚು ಇಳಿಸಬೇಕು ಅಂತ ಅಗ್ಗದ ಪುಡಿ ಹುಡುಕುವವರು ಇಸ್ತ್ರಿ ಚೀಟಿಯನ್ನು ಒಮ್ಮೆ ತಿರುವಿ ನೋಡುವುದು ಒಳ್ಳೆಯದು. ಪುಡಿಯಲ್ಲಿ ಕಿಲೋಗೆ 40 ರೂಪಾಯಿ ಉಳಿಸಿದರೆ ತಿಂಗಳಿಗೆ ಉಳಿಯುವುದು 45 ರೂಪಾಯಿ. ಆರು ಬಟ್ಟೆ ಇಸ್ತ್ರಿಗೆ ಕೊಡದಿದ್ದರೆ ಅಷ್ಟೇ ಉಳಿಯುತ್ತದೆ.

ನಮ್ಮದು ಬೋರ್ ನೀರು. ಲೆಕ್ಕ ಬದಲಾಗುತ್ತದೆಯೇ?

ಬದಲಾಗುತ್ತದೆ. ದಾವಣಗೆರೆಯ ನಲ್ಲಿಯಲ್ಲಿ ಬರುವುದು ಭದ್ರಾ ನಾಲೆಯಿಂದ ಕುಂದುವಾಡ ಕೆರೆ, ಟಿವಿ ಸ್ಟೇಷನ್ ಕೆರೆಗೆ ತುಂಬಿಸಿದ ನೀರು, ಇಲ್ಲವೇ ಹರಿಹರದ ಹತ್ತಿರದ ರಾಜನಹಳ್ಳಿಯಿಂದ ಬರುವ ತುಂಗಭದ್ರೆಯ ನೀರು. ನದಿ ನೀರಿನಲ್ಲಿ ನೊರೆ ಚೆನ್ನಾಗಿ ಬರುತ್ತದೆ. ಬೋರ್ ನೀರು ಗಡಸಾಗಿದ್ದರೆ ಅದರಲ್ಲಿರುವ ಸುಣ್ಣದ ಅಂಶ ಸೋಪಿನ ಒಂದು ಪಾಲನ್ನು ಮೊದಲೇ ನುಂಗುತ್ತದೆ, ಉಳಿದದ್ದು ಬಟ್ಟೆಗೆ. ಚಿತ್ರದುರ್ಗದ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಪರೀಕ್ಷೆ ಸುಲಭ. ಒಂದೇ ಅಳತೆಯ ಎರಡು ಬಾಟಲಿಯಲ್ಲಿ ಅರ್ಧ ಅರ್ಧ ನೀರು ತೆಗೆದುಕೊಳ್ಳಿ, ಒಂದರಲ್ಲಿ ನಲ್ಲಿ ನೀರು, ಇನ್ನೊಂದರಲ್ಲಿ ಬೋರ್ ನೀರು. ಎರಡಕ್ಕೂ ಬಾರ್ ಸೋಪಿನ ಸಣ್ಣ ತುಣುಕು ಹಾಕಿ ಕುಲುಕಿ. ನಲ್ಲಿ ನೀರಿನ ನೊರೆ ನಿಲ್ಲುತ್ತದೆ. ಗಡಸು ನೀರಿನಲ್ಲಿ ನೊರೆ ಬೇಗ ಕೂತು, ಮೇಲೆ ಬೂದು ಬಣ್ಣದ ಕೆನೆ ಕಟ್ಟುತ್ತದೆ. ಬಟ್ಟೆಯ ಮೇಲೂ ಅದೇ ಕೆನೆ ಕೂರುವುದು. ಟವೆಲ್ ಒರಟಾಗುತ್ತದೆ, ಬಿಳಿ ಪಂಚೆ ಮಾಸಲು ಬಣ್ಣಕ್ಕೆ ತಿರುಗುತ್ತದೆ.

ಇಂಥ ನೀರಿಗೆ ಪುಡಿ 110 ಗ್ರಾಂ ಬೇಕಾಯಿತು ಅಂದುಕೊಳ್ಳಿ, 24 ರೂಪಾಯಿ. ಲೋಡ್ 29ರಿಂದ 38ಕ್ಕೆ ಏರಿತು. ಬೇಸಿಗೆಯಲ್ಲಿ ನಾಲೆ ನೀರು ನಿಂತು ಟ್ಯಾಂಕರ್ ತರಿಸಿದರೆ, 5,000 ಲೀಟರಿಗೆ 500 ಕೊಟ್ಟರೂ 120 ಲೀಟರಿನ ಲೋಡ್‌ಗೆ ಇನ್ನೊಂದು 12. ಅಲ್ಲಿಗೆ 50. ಆದರೂ ಲಾಂಡ್ರಿಯ ಕಿಲೋ ರೇಟಿನ ಹತ್ತಿರಕ್ಕೂ ಬರುವುದಿಲ್ಲ. ಒಗೆಯಲು ಬೋರ್ ನೀರು ಬಳಸಿ, ಕೊನೆಯ ಜಾಲಾಡುವಿಕೆಗೆ ಮಾತ್ರ ನಲ್ಲಿ ನೀರು ಇಟ್ಟುಕೊಂಡರೆ ಬಟ್ಟೆ ಒರಟಾಗುವುದು ಕಡಿಮೆ.

ಬೋರ್ ನೀರಿನ ಮರಳು ಮಷಿನ್‌ಗೆ ನೀರು ಹೋಗುವ ಪೈಪಿನ ಬಾಯಲ್ಲಿರುವ ಜಾಲರಿಯಲ್ಲಿ ಕಟ್ಟಿಕೊಳ್ಳುತ್ತದೆ. ನೀರು ತುಂಬಲು ಮೊದಲಿಗಿಂತ ಹೊತ್ತು ತೆಗೆದುಕೊಳ್ಳುತ್ತಿದ್ದರೆ ನಲ್ಲಿ ಮುಚ್ಚಿ, ಪೈಪ್ ಬಿಚ್ಚಿ, ಜಾಲರಿಯನ್ನು ಹಳೆ ಹಲ್ಲುಜ್ಜುವ ಬ್ರಷ್‌ನಲ್ಲಿ ತೊಳೆಯಿರಿ. ಇದಕ್ಕೆ ಮೆಕ್ಯಾನಿಕ್ ಕರೆಸಿ ವಿಸಿಟಿಂಗ್ ಚಾರ್ಜ್ ಕೊಡುವುದು ದಂಡ.

ಕಿಲೋ ಲೆಕ್ಕದ ಲಾಂಡ್ರಿ ಲಾಭವೋ, ಬಟ್ಟೆ ಲೆಕ್ಕದ್ದೋ?

ಬಟ್ಟೆ ಹಗುರವೋ ಭಾರವೋ ನೋಡಿ. ಕಿಲೋಗೆ 70 ಅಂದರೆ 220 ಗ್ರಾಂ ಶರ್ಟಿಗೆ 15 ರೂಪಾಯಿ, 650 ಗ್ರಾಂ ಜೀನ್ಸಿಗೆ 45. ಬಟ್ಟೆ ಲೆಕ್ಕದ ಅಂಗಡಿಯಲ್ಲಿ ಜೀನ್ಸಿಗೆ 40 ಇದ್ದರೆ ಅದನ್ನು ಅಲ್ಲಿಗೆ ಕೊಡಿ. ಶರ್ಟ್, ಬನಿಯನ್, ಮಕ್ಕಳ ಬಟ್ಟೆ ಕಿಲೋ ಲೆಕ್ಕಕ್ಕೆ ಹೋಗಲಿ. ದಪ್ಪ ಟವೆಲ್ ಮತ್ತು ಬೆಡ್‌ಶೀಟ್ ಕಿಲೋ ಲೆಕ್ಕದಲ್ಲಿ ಯಾವಾಗಲೂ ಕೈ ಕಚ್ಚುತ್ತವೆ.

ಕೊಡುವ ಮುಂಚೆ ಮೂರು ಮಾತು ಕೇಳಿ. 3 ಕಿಲೋ 200 ಗ್ರಾಂ ಇದ್ದರೆ 4 ಕಿಲೋ ಅಂತ ಬರೆಯುತ್ತಾರಾ? ಕನಿಷ್ಠ ಇಷ್ಟು ಕಿಲೋ ಇರಲೇಬೇಕು ಅಂತಿದೆಯಾ? ನಮ್ಮ ಬಟ್ಟೆಯನ್ನು ಬೇರೆಯವರ ಬಟ್ಟೆ ಜೊತೆ ಹಾಕುತ್ತಾರಾ? ಮೊದಲ ಪ್ರಶ್ನೆಗೆ ಹೌದು ಅಂದರೆ ನಿಮ್ಮ ಕಿಲೋ ರೇಟು 70 ಅಲ್ಲ, 87. ಇನ್ನು ಒದ್ದೆ ಟವೆಲ್ ಹಾಗೇ ಚೀಲಕ್ಕೆ ತುರುಕಿ ಕೊಟ್ಟರೆ ನೀರಿನ ತೂಕಕ್ಕೂ ದುಡ್ಡು ಕೊಟ್ಟ ಹಾಗೆ.

ನಾನು ಓದಲು ಬಂದವನು, ರೂಮಿನಲ್ಲಿ ಒಬ್ಬನೇ ಇದ್ದೇನೆ. ಮಷಿನ್ ತೆಗೆದುಕೊಳ್ಳಲಾ?

ಎಷ್ಟು ವರ್ಷ ಇರುತ್ತೀರಿ ಅನ್ನುವುದರ ಮೇಲೆ ನಿಂತಿದೆ. ಒಬ್ಬರಿಗೆ ವಾರಕ್ಕೆ 3 ಕಿಲೋ ಬಟ್ಟೆ ಬೀಳುತ್ತದೆ ಅಂದುಕೊಳ್ಳಿ. ಲಾಂಡ್ರಿಗೆ ವಾರಕ್ಕೆ 210.

18,000ದ ಮಷಿನ್ ಕೊಂಡು, ಒಂದು ವರ್ಷಕ್ಕೆ ಊರು ಬಿಡುವಾಗ 10,000ಕ್ಕೆ ಮಾರಿದರೆ 8,000 ಹೋಯಿತು. 52 ವಾರಕ್ಕೆ ಹಂಚಿದರೆ 154. ಪುಡಿ, ಕರೆಂಟ್, ನೀರು 13. ನಿಮ್ಮ ಶ್ರಮ 40. ಒಟ್ಟು 207. ಲಾಂಡ್ರಿಗೂ ಇದಕ್ಕೂ ವ್ಯತ್ಯಾಸವೇ ಇಲ್ಲ! ಇಂಟರ್ನ್‌ಶಿಪ್‌ಗೆ, ಕೋಚಿಂಗ್‌ಗೆ ಒಂದು ವರ್ಷಕ್ಕೆ ಬಂದವರು ಮಷಿನ್ ಗೋಜಿಗೆ ಹೋಗಬೇಡಿ.

ನಾಲ್ಕು ವರ್ಷ ಇದ್ದು ಕೊನೆಗೆ 5,000ಕ್ಕೆ ಮಾರಿದರೆ ವಾರಕ್ಕೆ ಮಷಿನ್ ಪಾಲು 62, ಎಲ್ಲ ಸೇರಿ 115. ಅದೇ ಮಷಿನ್ ಅನ್ನು ಮೂವರು ಗೆಳೆಯರು ಸೇರಿ ತೆಗೆದುಕೊಂಡರೆ ಇನ್ನೂ ಇಳಿಯುತ್ತದೆ, ಜಗಳವಾಡದೆ ಇದ್ದರೆ. ಮೆಡಿಕಲ್, ಡೆಂಟಲ್ ಓದುವವರ ಬಿಳಿ ಏಪ್ರನ್ ಮಾತ್ರ ಬೇರೆ ಬಟ್ಟೆ ಜೊತೆ ಬೆರೆಸಬೇಡಿ. ವಾರ್ಡಿಗೆ ಹಾಕಿಕೊಂಡು ಹೋದದ್ದನ್ನು ಬೇರೆಯಾಗಿ ಬಿಸಿನೀರಿನಲ್ಲಿ ಒಗೆಯಬೇಕು. ಕಿಲೋ ಲಾಂಡ್ರಿಗೆ ಕೊಡುವಾಗಲೂ ಅದನ್ನು ಬಾಯಿಬಿಟ್ಟು ಹೇಳಿ.

ರೇಷ್ಮೆ ಸೀರೆ ಡ್ರೈ ಕ್ಲೀನ್‌ಗೆ 250 ಕೇಳುತ್ತಾರೆ. ಮನೆಯಲ್ಲೇ ಶ್ಯಾಂಪೂ ಹಾಕಿ ಒಗೆದರೆ 5 ರೂಪಾಯಿ ಆಗುವುದಿಲ್ಲ. ಯಾಕೆ ಕೊಡಬೇಕು?

ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಡುವ ಹಾಗೇ ಇಲ್ಲ. ಡ್ರೈ ಕ್ಲೀನ್‌ನಲ್ಲಿ ಬಟ್ಟೆಗೆ ನೀರಿನ ಬದಲು ಪರ್‌ಕ್ಲೋರೋಎಥಿಲೀನ್ ಅಥವಾ ಪೆಟ್ರೋಲಿಯಂ ಜಾತಿಯ ದ್ರವ ಬಳಸುತ್ತಾರೆ. ಹಳಬರು ಇದಕ್ಕೇ ಪೆಟ್ರೋಲ್ ವಾಶ್ ಅನ್ನುವುದು. ನೀರು ತಗುಲದ ಕಾರಣ ರೇಷ್ಮೆ ಎಳೆ ಉಬ್ಬುವುದಿಲ್ಲ, ಅಂಚಿನ ಬಣ್ಣ ಒಡಲಿಗೆ ಹರಿಯುವ ಭಯ ಕಡಿಮೆ.

ಮನೆಯಲ್ಲಿ ಒಗೆದಾಗ ಖರ್ಚು ಶ್ಯಾಂಪೂವಿನದ್ದಲ್ಲ, ಅಪಾಯದ್ದು. 12,000ದ ಮೊಳಕಾಲ್ಮೂರು ಸೀರೆ. ಹಸಿರು ಒಡಲಿಗೆ ಕೆಂಪು ಅಂಚು. ನಲವತ್ತು ಸಲ ಒಗೆದರೆ ಒಂದು ಸಲ ಬಣ್ಣ ಬಿಟ್ಟು ಹಾಳಾಗುತ್ತದೆ ಅಂತ ಇಟ್ಟುಕೊಂಡರೂ, ಪ್ರತಿ ಒಗೆತದ ತಲೆ ಮೇಲೆ 300 ರೂಪಾಯಿ ಕೂತಿದೆ. ಡ್ರೈ ಕ್ಲೀನ್ 250. ಅದೇ ಲೆಕ್ಕವನ್ನು 1,500ರ ಸಾದಾ ಸೀರೆಗೆ ಹಾಕಿದರೆ ಅಪಾಯ 37 ರೂಪಾಯಿ, ಅಲ್ಲಿ ಮನೆ ಒಗೆತವೇ ಸರಿ. ಬೆಲೆಬಾಳುವ, ಎರಡು ಬಣ್ಣದ, ಜರಿ ಇರುವ ಸೀರೆ ಮಾತ್ರ ಅಂಗಡಿಗೆ ಹೋಗಲಿ.

ಅನುಮಾನವಿದ್ದರೆ ಸೆರಗಿನ ಒಳಮಗ್ಗುಲಿನ ಮೂಲೆಗೆ ಒದ್ದೆ ಬಿಳಿ ಬಟ್ಟೆ ಇಟ್ಟು ಬೆರಳಿನಿಂದ ಒಂದೆರಡು ನಿಮಿಷ ಒತ್ತಿ ಹಿಡಿಯಿರಿ. ಬಣ್ಣ ಅಂಟಿದರೆ ನೀರಿಗೆ ಹಾಕುವ ಮಾತೇ ಬೇಡ. ಅಂಚು, ಒಡಲು ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು.

ಒಂದು ಸಲ ಉಟ್ಟ ಕೂಡಲೇ ಕೊಡುವುದೂ ಬೇಕಾಗಿಲ್ಲ. ಬೆವರು ಆರುವ ತನಕ ನೆರಳಿನಲ್ಲಿ ಹರವಿ, ಮಡಿಕೆ ಬದಲಿಸಿ ಎತ್ತಿಡಿ. ನಾಲ್ಕು ಸಲ ಉಟ್ಟು ಕೊಟ್ಟರೆ ಉಟ್ಟ ಸಲಕ್ಕೆ 62 ರೂಪಾಯಿ. ಬಾಡಿಗೆಗೆ ತಂದರೂ ಇಷ್ಟಕ್ಕೆ ಸಿಗುವುದಿಲ್ಲ. ರೋಲ್ ಪಾಲಿಶ್ ಬೇರೆ ಕೆಲಸ, ಅದು ಸುಕ್ಕು ತೆಗೆದು ಹೊಳಪು ಕೊಡುತ್ತದೆ ಹೊರತು ಕೊಳೆ ತೆಗೆಯುವುದಿಲ್ಲ. ಎರಡನ್ನೂ ಒಂದೇ ಬಿಲ್ಲಿನಲ್ಲಿ ಸೇರಿಸಿದ್ದರೆ ಬಿಡಿಸಿ ಕೇಳಿ.

ಕಲೆ ಯಾವುದು ಅಂತ ಅಂಗಡಿಯವರಿಗೆ ಹೇಳಬೇಕಾ?

ಖಂಡಿತ. ಡ್ರೈ ಕ್ಲೀನ್ ದ್ರವ ಜಿಡ್ಡನ್ನು ಕರಗಿಸುತ್ತದೆ. ಬೆಣ್ಣೆ ದೋಸೆಯ ಬೆಣ್ಣೆ, ಮಿರ್ಚಿಯ ಎಣ್ಣೆ ಅದಕ್ಕೆ ಸುಲಭ. ಆದರೆ ಪಾಯಸ, ಬೆಲ್ಲದ ಪಾಕ, ಜ್ಯೂಸು, ಬೆವರಿನ ಉಪ್ಪು ಕರಗುವುದು ನೀರಿಗೆ, ಈ ದ್ರವಕ್ಕಲ್ಲ. ಹೇಳದಿದ್ದರೆ ಅದು ಹಾಗೇ ಉಳಿದು, ಇಸ್ತ್ರಿಯ ಬಿಸಿಗೆ ಕಂದು ಬಣ್ಣವಾಗಿ ಗಟ್ಟಿಯಾಗುತ್ತದೆ. ಆಮೇಲೆ "ಕೊಡುವಾಗ ಇರಲಿಲ್ಲ" ಅಂತ ವಾದ ಶುರು. ಕಲೆ ಇರುವ ಜಾಗಕ್ಕೆ ದಾರ ಕಟ್ಟಿ ಕೊಡಿ.

ಕಾಟನ್ ಶರ್ಟಿಗೆ ಬೆಣ್ಣೆ ಬಿದ್ದರೆ ಡ್ರೈ ಕ್ಲೀನ್ ಬೇಡವೇ ಬೇಡ. ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ, ಸ್ವಲ್ಪ ಹೊತ್ತು ಬಿಟ್ಟು ಬೆಚ್ಚಗಿನ ನೀರು. ಮುಗಿಯಿತು.

ಬೋರ್ಡಿನಲ್ಲಿ ಡ್ರೈ ಕ್ಲೀನ್ ಅಂತಿದೆ. ನಿಜಕ್ಕೂ ಅದನ್ನೇ ಮಾಡುತ್ತಾರಾ ಅಂತ ತಿಳಿಯುವುದು ಹೇಗೆ?

ಮಷಿನ್ ಇಲ್ಲೇ ಇದೆಯಾ, ಬೇರೆ ಕಡೆ ಕಳಿಸುತ್ತೀರಾ ಅಂತ ನೇರವಾಗಿ ಕೇಳಿ. ಕೌಂಟರಿನಲ್ಲಿ ಬಟ್ಟೆ ತೆಗೆದುಕೊಂಡು ಬೇರೆಡೆ ಕಳಿಸುವುದು ತಪ್ಪಲ್ಲ, ಆದರೆ ಉತ್ತರ ಸ್ಪಷ್ಟವಾಗಿರಬೇಕು. ವಾಪಸ್ ಬಂದ ಕೋಟನ್ನು ನೋಡಿ. ಎದೆ ಭಾಗದಲ್ಲಿ ಬಟ್ಟೆ ಗುಳ್ಳೆ ಎದ್ದ ಹಾಗಿದ್ದರೆ, ಒಳಗಿನ ಲೈನಿಂಗ್ ಒಂದು ಕಡೆ ಎಳೆದಿದ್ದರೆ, ಸೋಪಿನ ಪುಡಿಯ ವಾಸನೆ ಬಂದರೆ ಅದು ನೀರು ಕಂಡಿದೆ ಅಂತ ಅನುಮಾನ ಪಡಬಹುದು. ನೀರಿನ ಒಗೆತಕ್ಕೆ ಡ್ರೈ ಕ್ಲೀನ್ ರೇಟು ಕೊಡುವುದು ಯಾವ ನ್ಯಾಯ?

ಬಟ್ಟೆಯ ಒಳಗಿನ ಲೇಬಲ್ಲಿನಲ್ಲಿ ವೃತ್ತದ ಗುರುತಿದ್ದರೆ ಡ್ರೈ ಕ್ಲೀನ್ ಮಾಡಬಹುದು ಎಂದು. ವೃತ್ತಕ್ಕೆ ಕತ್ತರಿ ಗೆರೆ ಹಾಕಿದ್ದರೆ ಕೂಡದು. ಅಂಟಿನಿಂದ ಚಮಕಿ, ಮಣಿ ಅಂಟಿಸಿದ ಬ್ಲೌಸು ಮತ್ತು ಲೆಹೆಂಗಾಗಳಲ್ಲಿ ಇದನ್ನು ನೋಡಲೇಬೇಕು. ಕೆಲವು ಪ್ಲಾಸ್ಟಿಕ್ ಚಮಕಿ ಮತ್ತು ಅಂಟು ಆ ದ್ರವದಲ್ಲಿ ಮೆತ್ತಗಾಗಿ ಹಾಳಾಗುತ್ತವೆ.

ರಗ್ಗು, ಕಂಬಳಿ?

ದಪ್ಪ ಡಬಲ್ ರಗ್ಗು ಒಣಗಿದ್ದಾಗಲೇ ಮೂರು, ನಾಲ್ಕು ಕಿಲೋ ಇರುತ್ತದೆ. ನೀರು ಕುಡಿದ ಮೇಲೆ 7 ಕಿಲೋ ಮಷಿನ್‌ನಲ್ಲಿ ಅದು ತಿರುಗುವುದೇ ಇಲ್ಲ, ಒಂದು ಕಡೆ ಮುದ್ದೆಯಾಗಿ ಕೂರುತ್ತದೆ. ಹಿಂಡುವಾಗ ಮಷಿನ್ ಧಡಧಡ ಅಂತ ಜಾಗ ಬಿಟ್ಟು ಸರಿಯುತ್ತದೆ. ಬೇರಿಂಗ್ ಹೋದರೆ ಸಾವಿರಾರು ರೂಪಾಯಿ. ವರ್ಷಕ್ಕೆ ಒಂದೋ ಎರಡೋ ಸಲ 200, 250 ಕೊಟ್ಟು ಲಾಂಡ್ರಿಗೆ ಹಾಕುವುದೇ ಅಗ್ಗ.

ಚಳ್ಳಕೆರೆ ಕಡೆಯ ಕುರಿ ಉಣ್ಣೆ ಕಂಬಳಿಯನ್ನು ಮಾತ್ರ ಯಾವ ಮಷಿನ್‌ಗೂ ಹಾಕಬೇಡಿ. ಬಿಸಿ ಮತ್ತು ಉಜ್ಜಾಟಕ್ಕೆ ಉಣ್ಣೆ ಒಂದಕ್ಕೊಂದು ಹೆಣೆದುಕೊಂಡು ಕುಗ್ಗುತ್ತದೆ, ಮತ್ತೆ ಹಿಗ್ಗುವುದಿಲ್ಲ. ಬಿಸಿಲಿಗೆ ಹಾಕಿ ಕೋಲಿನಿಂದ ಬಡಿದರೆ ಸಾಕು. ಖರ್ಚು ಸೊನ್ನೆ.

ಫ್ರಂಟ್ ಲೋಡ್ ಮಷಿನ್ ಆದರೆ ಲೋಡ್ ಅಗ್ಗವಾಗುತ್ತದೆಯೇ?

ನೀರು ಅರ್ಧಕ್ಕೆ ಇಳಿಯುತ್ತದೆ, ಬೆಲೆ ಏರುತ್ತದೆ. 32,000ದ ಮಷಿನ್‌ಗೆ ರಿಪೇರಿ ಬಿಟ್ಟರೂ ಸವೆತವೇ ಲೋಡ್‌ಗೆ ಹದಿನಾರು, ಹದಿನೇಳು. 40 ಡಿಗ್ರಿಗೆ ಇಟ್ಟರೆ ಅರ್ಧ ಯೂನಿಟ್‌ಗಿಂತ ಜಾಸ್ತಿ ಕರೆಂಟ್. ಟ್ಯಾಂಕರ್ ನೀರು ಕೊಳ್ಳುವ ಮನೆಗೆ ನೀರಿನಲ್ಲಿ ಲೋಡ್‌ಗೆ ಆರು ರೂಪಾಯಿ ಉಳಿದರೂ ಈ ಹೆಚ್ಚಿನ ಖರ್ಚು ಮುಚ್ಚುವುದಿಲ್ಲ, ನಲ್ಲಿ ನೀರಿನ ಮನೆಗಂತೂ ದುಡ್ಡಿನ ಲೆಕ್ಕದಲ್ಲಿ ಲಾಭವಿಲ್ಲ. ಡ್ರೈಯರ್ ಇರುವ ಮಾಡೆಲ್ ಅಂತೂ ಬೇಡ. ದಾವಣಗೆರೆಯಲ್ಲಿ ಬಿಸಿಲಿಗೇನು ಬರ?

ಲಾಂಡ್ರಿಯಲ್ಲಿ ಬಟ್ಟೆ ಕಳೆದುಹೋದರೆ?

ಚೀಟಿಯಲ್ಲಿ "10 ಬಟ್ಟೆ" ಅಂತ ಬರೆಸಬೇಡಿ. ಶರ್ಟ್ 5, ಪ್ಯಾಂಟ್ 4, ಸೀರೆ 1 ಅಂತ ಬಿಡಿಸಿ ಬರೆಸಿ. ಬೆಲೆಬಾಳುವ ಸೀರೆಗೆ ಬಣ್ಣ, ಅಂಚು ಬರೆದು ಅಂದಾಜು ಬೆಲೆಯನ್ನೂ ಹಾಕಿಸಿ, ಫೋನಿನಲ್ಲಿ ಒಂದು ಫೋಟೋ ತೆಗೆದಿಡಿ. ಚೀಟಿಯ ಹಿಂದೆ ಸಣ್ಣ ಅಕ್ಷರದಲ್ಲಿ ಪರಿಹಾರಕ್ಕೆ ಮಿತಿ ಹಾಕಿರಬಹುದು, ಕೊಡುವ ಮುಂಚೆಯೇ ಓದಿ. ಮಾತಿನಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಅಲ್ಲಿ ಮೊದಲು ಕೇಳುವುದು ಈ ಚೀಟಿಯನ್ನೇ.